ಆರು ಅಂಕಿ, ಏಳು ದಿನ

ಅಕ್ಕ ಕಮಲಾಪುರದಲ್ಲಿ ಬಟ್ಟೆ ಹೊಲಿಯುತ್ತಾಳೆ. ನಾನು ಕಲಬುರಗಿಯಲ್ಲಿ ಆಟೋ ಓಡಿಸುತ್ತೇನೆ, ಮನೆ ಗಾಜಿಪುರದಲ್ಲಿ. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು, ಅಕ್ಕ ಮೂರನೆಯದಕ್ಕೇ ಬಿಟ್ಟಳು. ಹಾಗಾಗಿ ಫೋನಿನ ವಿಷಯದಲ್ಲಿ ಮನೆಯಲ್ಲಿ ನಾನೇ ಶಾಣ್ಯಾ.

ಅವಳ ಮೆಸೇಜ್ ಆ್ಯಪಿಗೆ ಪಿನ್ ಹಾಕಿದವನೂ ನಾನೇ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳ ಆ್ಯಪನ್ನು ಯಾರೋ ಕದ್ದು, ಅವಳ ಹೆಸರಿನಲ್ಲಿ ಬೀಗರಿಗೆಲ್ಲ ಏನೇನೋ ಕಳಿಸಿದ್ದರು. ಅದಕ್ಕೆ ಹೆದರಿ, ಅಕ್ಕ ಒಮ್ಮೆ ಬಂದಾಗ ಆಟೋ ಸ್ಟ್ಯಾಂಡಿನಲ್ಲೇ ಕುಳಿತು ಆರು ಅಂಕಿ ಒತ್ತಿದೆ. ಎರಡನೇ ಸಲ ಒತ್ತು ಎಂದಿತು, ಒತ್ತಿದೆ. ಆಮೇಲೆ ಇ-ಮೇಲ್ ಕೇಳಿತು. ಅದು ಇಬ್ಬರಿಗೂ ಇರಲಿಲ್ಲ, ಬಿಟ್ಟು ಮುಂದೆ ಹೋದೆ.

"ಎಲ್ಲಿನೂ ಬರ್ಕೋಬ್ಯಾಡ. ನನ್ನ ತಲ್ಯಾಗ ಇರ್ತದ" ಎಂದು ಅಕ್ಕನಿಗೆ ಹೇಳಿದೆ.

ಮೊದಮೊದಲು ಆ್ಯಪ್ ಆಗಾಗ ಆ ಅಂಕಿ ಕೇಳುತ್ತಿತ್ತು. ಅವಳು ಫೋನ್ ಮಾಡುತ್ತಿದ್ದಳು, ನಾನು ಹೇಳುತ್ತಿದ್ದೆ. ಕೇಳುವುದು ಕಡಿಮೆಯಾಗುತ್ತ ಬಂತು. ಯಾವಾಗ ನನ್ನ ತಲೆಯಿಂದ ಅದು ಹೋಯಿತೋ ಗೊತ್ತಿಲ್ಲ.

ಹೋದ ವರ್ಷ ಅಕ್ಕನ ಫೋನು ಇಸ್ತ್ರಿಗೆ ನೀರು ಚಿಮುಕಿಸುವ ಬೋಗುಣಿಯಲ್ಲಿ ಬಿದ್ದು ಸತ್ತಿತು. ಅದೂ ಎಂಥ ವಾರದಲ್ಲಿ! ಕಲಬುರಗಿಯ ಸೇಡಂ ರಸ್ತೆಯ ಕಡೆ ಹೊಸದಾಗಿ ತೆರೆದ ಒಂದು ಸಣ್ಣ ಮಕ್ಕಳ ಶಾಲೆ ಇತ್ತು. ಅಲ್ಲಿಯ ಮೇಡಂ ಅಕ್ಕನ ಹೊಲಿಗೆ ನೋಡಿ ಮೆಚ್ಚಿ, ನಲವತ್ತು ಮಕ್ಕಳ ಯೂನಿಫಾರ್ಮ್ ಅವಳಿಗೇ ಕೊಡುವುದಾಗಿ ಹೇಳಿದ್ದರು. ಅಳತೆಗಳ ಪಟ್ಟಿ ಮೆಸೇಜಿನಲ್ಲಿ ಬರಬೇಕು, ಬಂದ ಕೂಡಲೇ ಅಕ್ಕ ಒಪ್ಪಿಗೆ ಕಳಿಸಬೇಕು. ಸೀರೆಯ ಜಂಪರ್, ಫಾಲ್, ಹರಿದ ಪ್ಯಾಂಟು ಇಷ್ಟರಲ್ಲೇ ಇದ್ದವಳಿಗೆ ಇಂಥ ಕೆಲಸ ಬಂದದ್ದು ಅದೇ ಮೊದಲು.

ಅಕ್ಕನ ಸಿಮ್ ತರಿಸಿಕೊಂಡು ಶಹಾಬಜಾರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯ ಭಾಯ್ ಬೇರೆ ಫೋನಿಗೆ ಸಿಮ್ ಹಾಕಿ, ಆ್ಯಪ್ ಇಳಿಸಿ, ಮೆಸೇಜಿನಲ್ಲಿ ಬಂದ ನಂಬರ್ ಹೊಡೆದರು. ಮುಗಿಯಿತು ಅಂದುಕೊಂಡೆ. ಪರದೆಯ ಮೇಲೆ ಆರು ಖಾಲಿ ಮನೆ ಮೂಡಿದವು.

"ಪಿನ್ ಬೋಲೋ ಭಾಯಿ."

"ಈಗ ಹಾಕಿದ್ರೆಲ್ರೀ?"

"ಅದು ಕಂಪನಿ ಕಳಿಸಿದ್ದು. ಇದು ನೀವಾ ಇಟ್ಟದ್ದು."

ಅಕ್ಕನ ಹುಟ್ಟಿದ ದಿನ ಇಟ್ಟಿದ್ದೆ. ಅಷ್ಟು ಮಾತ್ರ ನೆನಪಿತ್ತು. ಆದರೆ ಯಾವ ಹುಟ್ಟಿದ ದಿನ? ಶಾಲೆಯ ಮಾಸ್ತರರು ನಮ್ಮಿಬ್ಬರಿಗೂ ಜೂನ್ ಒಂದು ಎಂದು ಬರೆದಿದ್ದರು. ಆಧಾರ್ ಮಾಡಿದವನು ಜನವರಿ ಒಂದು ಎಂದು ಹಾಕಿದ್ದ. ಅವ್ವ ಹೇಳುತ್ತಿದ್ದದ್ದು ನಾಗರಪಂಚಮಿಗೆ ಮೂರು ದಿನ ಮೊದಲು ಎಂದು. ಭಾಯ್ ನಗುತ್ತ, "ನಿಮ್ ಅಕ್ಕ ಎಷ್ಟ್ ಸಲ ಹುಟ್ಯಾಳ್ರೀ?" ಎಂದರು. ಜೂನ್ ಒತ್ತಿದೆವು, ಜನವರಿ ಒತ್ತಿದೆವು, ಇಸವಿ ಹಿಂದುಮುಂದು ಮಾಡಿದೆವು. ತಪ್ಪು, ತಪ್ಪು, ತಪ್ಪು. ಕೊನೆಗೆ ಬಹಳ ಸಲ ತಪ್ಪಾಗಿದೆ, ಸ್ವಲ್ಪ ಹೊತ್ತು ತಡೆದು ಬನ್ನಿ ಎಂದು ಅದೇ ನಮ್ಮನ್ನು ನಿಲ್ಲಿಸಿತು.

ಭಾಯ್ 'ಪಿನ್ ಮರೆತಿರಾ' ಎಂಬುದನ್ನು ಒತ್ತಿ ಓದಿದರು. "ಇ-ಮೇಲ್ ಕೊಟ್ಟಿದ್ರ ಈಗಾ ಆಗ್ತಿತ್ತು. ಕೊಟ್ಟಿಲ್ಲ. ಏಳ್ ದಿನ ಕಾಯ್ರಿ. ಆಮೇಲೆ ಪಿನ್ ಇಲ್ದಾ ತೆರೀತದ."

"ನೀವಾ ಏನರೆ ಮಾಡ್ರಿ ಭಾಯ್. ಅರ್ಜೆಂಟ್ ಅದ."

"ನನ್ ಕೈಯಾಗ ಏನೂ ಇಲ್ಲ. ಕಳ್ಳ ಬಂದ್ರೂ ಹಿಂಗಾ ಕಾಯ್ಬೇಕು, ನೀವು ಬಂದ್ರೂ ಹಿಂಗಾ. ಮತ್ ಈ ಏಳ್ ದಿನದಾಗ ಬಂದ ಮೆಸೇಜ್ ಆಮ್ಯಾಲ ಬರ್ತಾವ ಅಂತ ನಂಬಬ್ಯಾಡ್ರಿ."

ನನಗೆ ಅರ್ಥವಾಗಲಿಲ್ಲ. ಸಿಮ್ ನಮ್ಮದು, ನಂಬರ್ ನಮ್ಮದು, ಕರೆ ಬರುತ್ತದೆ, ಹೋಗುತ್ತದೆ. ಆದರೂ ನಮ್ಮ ಮೆಸೇಜು ನಮ್ಮದಲ್ಲ. ಆಟೋದಲ್ಲಿ ಕುಳಿತು ಬಹಳ ಹೊತ್ತು ಬೆರಳು ಮಡಚುತ್ತ, ಅವ್ವ ಹೇಳಿದ ದಿನ ಯಾವ ತಾರೀಖಿಗೆ ಬಿದ್ದೀತು ಎಂದು ಲೆಕ್ಕ ಹಾಕಿದೆ.

ಆ ಸಂಜೆ ಅಕ್ಕನ ಪಕ್ಕದ ಮನೆಯವರ ಫೋನಿಗೆ ಕರೆ ಮಾಡಿ ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಮೇಡಂ ನಂಬರು ಸತ್ತ ಫೋನಿನಲ್ಲೇ ಹೋಗಿತ್ತು.

"ಹೋಗ್ಲಿ ಬಿಡು. ನೀ ನಾಳಿ ಸಾಲಿಗಿ ಹೋಗು. ಅಕ್ಕನ ಫೋನ್ ಕೆಟ್ಟದ, ಅಳತಿ ನನ್ನ ಫೋನಿಗಿ ಹಾಕ್ರಿ ಅಂತ ಹೇಳಿ ಬಾ. ಮದಿವಿ ಜಂಪರ್ ಕೊಡೋದದ, ಇಲ್ದಿದ್ರ ನಾನಾ ಬರ್ತಿದ್ದೆ."

ಇಷ್ಟು ಸುಲಭದ ದಾರಿ ನನ್ನ ತಲೆಗೆ ಹೊಳೆದಿರಲಿಲ್ಲ.

ಮರುದಿನ ಹೋದೆ. ಇದನ್ನು ಸರಿಯಾಗಿ ಬರೆಯಬೇಕು. ಶಾಲೆಯ ತನಕ ಹೋದೆ. ಬಾಗಿಲ ಬಳಿ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿತ್ತು. ಒಳಗೆ ಹೋಗುವವರು ಹೆಸರು, ಬಂದ ಕಾರಣ ಬರೆಯಬೇಕಿತ್ತು. ನನಗಿಂತ ಮುಂಚೆ ಬಂದವರೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದರು. ಅಲ್ಲಿ ಕುಳಿತ ಹುಡುಗಿ ಪೆನ್ನು ಕೊಟ್ಟು, "ಏನ್ ಕೆಲ್ಸ ಇತ್ತು ಅಂಕಲ್?" ಎಂದಳು. ಕನ್ನಡದಲ್ಲಿ ಬರೆದರೂ ಆಗುತ್ತಿತ್ತು. ಬಾಯಲ್ಲಿ ಹೇಳಿದ್ದರೂ ಆಗುತ್ತಿತ್ತು. ಮೇಡಂ ಯಾಕೆ, ಹೇಗೆ ಎಂದು ಕೇಳುತ್ತಾರೆ, ಪಿನ್ ಇಟ್ಟವರು ಯಾರು ಎನ್ನುತ್ತಾರೆ, ಇಂಥ ದಡ್ಡರ ಮನೆಗೆ ಕೆಲಸ ಕೊಡುವುದೇ ಎಂದುಕೊಳ್ಳುತ್ತಾರೆ ಎಂದು ನಾನೇ ಎಲ್ಲ ಕಲ್ಪಿಸಿಕೊಂಡು, "ಗಾಡಿ ಬದಿಗೆ ಹಚ್ಚಿ ಬರ್ತೀನಿ" ಎಂದವನು ಗಾಡಿ ತಿರುಗಿಸಿ ಬಂದುಬಿಟ್ಟೆ.

ಮಧ್ಯಾಹ್ನ ಅಕ್ಕ ಪಕ್ಕದ ಮನೆಯ ಫೋನಿನಿಂದ ಕರೆ ಮಾಡಿ ಕೇಳಿದಳು. "ಹೋಗಿದ್ದೇನ್ ತಮ್ಮಾ?"

"ಹೋಗಿದ್ದೆ."

"ಏನಂದ್ರು?"

"ನಿನ್ನ ಫೋನಿಗಾ ಹಾಕ್ತಾರಂತ, ಎಂಟ್ ದಿನ ಕಾಯ್ತೀವಿ ಅಂದ್ರು."

ಈ ಮಾತು ಹೇಗೆ ಬಾಯಿಂದ ಬಂತು ಎಂದು ಇವತ್ತಿಗೂ ತಿಳಿಯದು. ನಾಳೆ ಹೋಗಿ ನಿಜ ಮಾಡಿದರಾಯಿತು ಎಂದುಕೊಂಡೆ. ಮರುದಿನ ಆ ಕಡೆಯ ಬಾಡಿಗೆ ಬಂದರೂ ಒಲ್ಲೆ ಎಂದೆ. ಅದರ ಬದಲು ಅಂಗಡಿಗೆ ಹೋಗಿ, ಏಳು ದಿನ ಎಂದರೆ ಯಾವ ಹೊತ್ತಿನಿಂದ, ನಡುವೆ ಹೊಸ ಅಂಕಿ ಒತ್ತಿ ನೋಡಬಹುದೇ ಎಂದು ಭಾಯ್ ಅವರನ್ನು ಕಾಡಿದೆ. "ದಿನ ಓಡ್ಸೋಕ ಇದು ನಿಮ್ ಆಟೋ ಅಲ್ಲ" ಎಂದರು. ಅಕ್ಕ ಅಷ್ಟರಲ್ಲಿ ಹೊಸ ದಾರದ ಉಂಡೆ ತಂದಿಟ್ಟುಕೊಂಡಿದ್ದಳು.

ಎಂಟನೇ ದಿನ ಅವಳೇ ಬಂದಳು. ಅಂಗಡಿಯಲ್ಲಿ ಮತ್ತೆ ನಂಬರ್ ಹಾಕಿದೆವು. ಈ ಸಲ ಹಳೆಯ ಪಿನ್ ಇಲ್ಲದೆ ಮುಂದೆ ಬಿಟ್ಟಿತು. ಗುಂಪುಗಳ ಹೆಸರು ಬಂದವು. ಅವುಗಳೊಳಗೆ ಏನೂ ಇರಲಿಲ್ಲ. ಅಕ್ಕ ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದಳು. ಮೇಡಂ ಕಳಿಸಿದ್ದರೋ ಇಲ್ಲವೋ, ಅದೂ ತಿಳಿಯುವಂತಿರಲಿಲ್ಲ.

"ಕಾಯ್ತೀವಿ ಅಂದಾರಲ್ಲ, ನಡಿ, ಸಾಲಿಗೇ ಹೋಗಮು" ಎಂದಳು.

ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಅವಳು ಒಳಗೆ ಹೋದಳು, ನಾನು ಆಟೋದಲ್ಲೇ ಉಳಿದೆ. ಹತ್ತು ನಿಮಿಷವೂ ಆಗಲಿಲ್ಲ, ಹೊರಗೆ ಬಂದಳು.

"ಪಟ್ಟಿ ಬುಧವಾರನೇ ಕಳ್ಸಿದ್ರಂತ. ಒಂದಾ ಟಿಕ್ ಗೀಟು ಬಿದ್ದಿತ್ತಂತ, ನನಗ ಮುಟ್ಟಿಲ್ಲ. ಎರಡ್ ದಿನ ನೋಡಿ ಬ್ಯಾರೆ ಟೇಲರ್‌ಗ ಕೊಟ್ರಂತ" ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ನಿಮ್ಮ ಕಡಿಂದ ಯಾರೂ ಬಂದಿಲ್ಲಲ್ಲ ಅಂದ್ರು ಮೇಡಂ."

"ಬಂದಿದ್ದೆ ಅಕ್ಕಾ, ಬಾಗಿಲ ತನಾ."

"ಬಾಗಿಲ ತನಾ ಬಂದು?"

ಅವಳು ಇನ್ನೊಂದು ಸಲ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು, "ಬಸ್ ಸ್ಟ್ಯಾಂಡಿಗಿ ಬಿಡು" ಎಂದಳು, ಬಾಡಿಗೆಯವರು ಹೇಳುವ ಹಾಗೆ.

ಈಗ ಅವಳ ಫೋನಿಗೆ ಅವಳೇ ಪಿನ್ ಇಟ್ಟುಕೊಂಡಿದ್ದಾಳೆ. ಪಕ್ಕದ ಮನೆಯ ಹುಡುಗಿಯಿಂದ ಇ-ಮೇಲ್ ಮಾಡಿಸಿ ಅದನ್ನೂ ಸೇರಿಸಿದ್ದಾಳೆ. ನನ್ನ ಜೊತೆ ಮಾತು ಬಿಟ್ಟಿಲ್ಲ, ಹಬ್ಬಕ್ಕೆ ಕರೆಯುತ್ತಾಳೆ, ಉಣ್ಣಲು ಬಡಿಸುತ್ತಾಳೆ. ಅಂಕಿ ಮರೆತದ್ದಕ್ಕೆ ಅವಳು ಎಂದೋ ಕ್ಷಮಿಸಿದ್ದಾಳೆ, ಅದು ನನಗೂ ಗೊತ್ತು. ಆದರೆ ಆ ಹುಡುಗಿ ಪೆನ್ನು ಕೊಟ್ಟಾಗ ನಾನು ಯಾಕೆ ತಿರುಗಿ ಬಂದೆ ಎಂಬುದನ್ನು ಅಕ್ಕನಿಗೆ ಇನ್ನೂ ಹೇಳಿಲ್ಲ. ಈ ಕಾಗದವನ್ನು ಅವಳ ಮುಂದೆ ಓದಬೇಕೆಂದೇ ಬರೆದಿದ್ದೇನೆ.