ನಾಯಿಗೆ ನಕ್ಕ ನಗು

ಡ್ಯಾನ್ಯೂಬ್ ದಂಡೆಯ ಆ ಪುಟ್ಟ ಬಲ್ಗೇರಿಯನ್ ಊರಿನ ಗೋಡೆಗಳ ಮೇಲಿನ ಫೋಟೋಗಳಲ್ಲಿ ಕಣ್ಣು ಮುಚ್ಚಿದವರು ಒಬ್ಬರೂ ಇಲ್ಲ. ಅದೆಲ್ಲ ಫೋಟೋದ ವೆನೆತಾಳ ಕೃಪೆ. ಮದುವೆಯಿರಲಿ, ನಾಮಕರಣವಿರಲಿ, ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಅಲುಗಾಡದಂತೆ ಬಿಗಿದು ಒಂದೇ ಉಸಿರಿಗೆ ಸಾಲು ಫೋಟೋ ಹೊಡೆಯುತ್ತಾಳೆ. ಮನೆಗೆ ಬಂದು ಅವನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸಿ, ಇದರಿಂದ ಅತ್ತೆಯ ತೆರೆದ ಕಣ್ಣು, ಅದರಿಂದ ಮದುಮಗನ ನಗು ಎಂದು ಆರಿಸಿ ಸೇರಿಸುತ್ತಾಳೆ. ಕತ್ತು ತಿರುಗಿದ್ದಾಗ ಬರೀ ಕಣ್ಣು ತಂದು ಅಂಟಿಸಿದರೆ ಎಡವಟ್ಟಾಗುತ್ತದೆ, ತಲೆಯನ್ನೇ ಕಾಲರಿನವರೆಗೆ ತರಬೇಕು. ಜನ ತಮ್ಮ ಮುಖ ನೋಡಿಕೊಂಡು ಹಿಗ್ಗುತ್ತಾರೆ. ಎಲ್ಲರೂ ಒಟ್ಟಿಗೆ ನಕ್ಕ ಕ್ಷಣವೊಂದು ಇರಲೇ ಇಲ್ಲ ಎಂಬುದು ಯಾರಿಗೆ ಬೇಕು?

ಊರನ್ನೆಲ್ಲ ನಗಿಸಿದ ವೆನೆತಾಳ ಜೊತೆ ಸ್ವಂತ ತಂಗಿ ಜಿವ್ಕಾ ಮಾತು ಬಿಟ್ಟಿದ್ದಳು. ಜಿವ್ಕಾ ಇಟಲಿಯಲ್ಲಿ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಗ ತಾಯಿ ತೀರಿಕೊಂಡರು. ಮಣ್ಣಾದ ಮೇಲೆಯೇ ಅವಳಿಗೆ ಸುದ್ದಿ ಮುಟ್ಟಿದ್ದು. ಫೋನ್ ಮಾಡಬೇಡ, ಕೆಲಸ ಬಿಟ್ಟು ಓಡಿಬರುತ್ತಾಳೆ ಎಂದು ತಡೆದವನು ಅಪ್ಪ ನೈಡೆನ್. ಆಮೇಲೆ ಕಿರಿಮಗಳ ಸಿಟ್ಟಿಗೆ ಹೆದರಿ, "ನನ್ನ ಹೆಸರು ಎತ್ತಬೇಡ ಕಣಮ್ಮ" ಎಂದು ವೆನೆತಾಳ ಕೈ ಹಿಡಿದವನೂ ಅವನೇ. ವೆನೆತಾ ಅಪವಾದವನ್ನು ನುಂಗಿಕೊಂಡಳು. ನನ್ನನ್ನು ಕೇಳಿದರೆ, ಅಷ್ಟು ಒಳ್ಳೆಯವಳಾಗುವ ಅಗತ್ಯವಿರಲಿಲ್ಲ.

ತನ್ನ ಎಂಬತ್ತನೇ ಹುಟ್ಟುಹಬ್ಬಕ್ಕೆ ಜಿವ್ಕಾ ಬಂದಾಗ ಎಲ್ಲ ಹೇಳಿಬಿಡುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ದ್ರಾಕ್ಷಿ ಚಪ್ಪರದ ಕೆಳಗೆ ಊಟವಾಯಿತು, ಹಣ್ಣಿನ ಸಾರಾಯಿ ರಕಿಯಾ ಮುಗಿಯಿತು, ಮುದುಕನ ಬಾಯಿ ಮಾತ್ರ ಬಿಚ್ಚಲಿಲ್ಲ.

"ಮೊದ್ಲು ಫೋಟೋ ಆಗ್ಲಿ," ಎಂದ.

ವೆನೆತಾ ಕ್ಯಾಮೆರಾ ತಾನಾಗಿಯೇ ಒಂದರ ಹಿಂದೊಂದು ಹೊಡೆಯುವಂತೆ ಮಾಡಿ ತನ್ನ ಕುರ್ಚಿಯತ್ತ ಓಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ನಾಯಿ ಅದರ ಮೇಲೆ ಹತ್ತಿ ಕೂತಿತ್ತು. ಜಿವ್ಕಾ ಅದರ ಕಡೆ ತಿರುಗಿ ಮನಸಾರೆ ನಕ್ಕಳು. ವೆನೆತಾ ನಾಯಿಯನ್ನು ಇಳಿಸಿ ಕೂತದ್ದೇ ತಡ, ಆ ನಗು ಆರಿಹೋಯಿತು. ಮುಂದಿನ ಫೋಟೋಗಳಲ್ಲೆಲ್ಲ ಜಿವ್ಕಾ ಮುಖ ಬಿಗಿದುಕೊಂಡೇ ಇದ್ದಳು. ಫೋಟೋ ಮುಗಿದೊಡನೆ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟಳು.

"ಕ್ರಿಸ್ಮಸ್ಸಿಗೆ ಬರ್ತಾಳಲ್ಲ, ಆಗ ಹೇಳ್ತೀನಿ," ಎಂದ ಅಪ್ಪ.

ಮನೆಯಲ್ಲಿ ವೆನೆತಾ ಕೊನೆಯ ಫೋಟೋವನ್ನು ಆಧಾರವಾಗಿಟ್ಟುಕೊಂಡಳು. ಅಪ್ಪನ ತೆರೆದ ಕಣ್ಣನ್ನು ಇನ್ನೊಂದರಿಂದ ತಂದಳು. ಆಮೇಲೆ ಮೊದಲನೆಯದರಿಂದ ತಂಗಿಯ ತಲೆಯನ್ನು ತಂದು ಕೂರಿಸಿದಳು. ನಾಯಿಯತ್ತ ತಿರುಗಿದ್ದ ಮುಖ ಈಗ ವೆನೆತಾಳತ್ತ ತಿರುಗಿತ್ತು. ಅದನ್ನು ನೋಡುತ್ತ ಅವಳು ಅತ್ತಳು. ಅಪ್ಪನಿಗಾಗಿ ಎಂದುಕೊಂಡಿದ್ದಳು, ಆಸೆ ಅವಳದೇ.

ಅಪ್ಪ ಫೋಟೋವನ್ನು ಕಿಟಕಿಯ ಬಳಿಗೆ ಒಯ್ದು ನೋಡಿದ.

"ಅಯ್ಯೋ ಕಳ್ಳಿ, ನಂಗೆ ಹೇಳ್ದೇನೇ ರಾಜಿ ಆಗ್ಬಿಟ್ಟಿದ್ದೀರಾ? ನೋಡು, ಹೆಂಗೆ ನಿನ್ನೇ ನೋಡಿ ನಗ್ತಾವ್ಳೆ."

"ಅಪ್ಪ, ಅದು..."

"ಸುಮ್ನಿರು. ಇನ್ನು ನಾನು ಬಾಯಿ ಬಿಡೋದು ಯಾಕೆ? ಆರಿದ ಗಾಯ ಕೆರೆಯೋದಾ?"

ಎದೆಯ ಭಾರ ಇಳಿಸಿದವನಂತೆ ಕೂತಿದ್ದ. ಆ ಮುಖಕ್ಕೆ ನಿಜ ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಕ್ರಿಸ್ಮಸ್ ಇನ್ನೂ ದೂರವಿದೆ ಎಂದುಕೊಂಡಳು. ನವೆಂಬರಿನಲ್ಲಿ ಮುದುಕ ಮಲಗಿದವನು ಏಳಲಿಲ್ಲ.

ಈ ಸಲ ವೆನೆತಾ ಕೂಡಲೇ ಫೋನ್ ಮಾಡಿದಳು. ಜಿವ್ಕಾ ಬಂದಾಗ, ಆ ಕಡೆಯ ರೂಢಿಯಂತೆ, ಬಾಗಿಲಿಗೆ ಫೋಟೋ ಸಮೇತ ಸಾವಿನ ಚೀಟಿ ಅಂಟಿಸಿತ್ತು. ಅದರಲ್ಲಿದ್ದ ಅಪ್ಪನ ಮುಖವೂ ಆ ಫೋಟೋದಿಂದಲೇ ಕತ್ತರಿಸಿದ್ದು. ಮಣ್ಣು ಮಾಡಿ ಬಂದು, ಬೇಯಿಸಿದ ಗೋಧಿಯ ಪ್ರಸಾದ ಹಂಚಿ, ಜನ ಚದುರಿದ ಮೇಲೆ ಜಿವ್ಕಾ ಗೋಡೆಯ ಫೋಟೋದ ಮುಂದೆ ನಿಂತಳು.

"ಇದು ನಾಯಿಗೆ ನಕ್ಕಿದ್ದು," ಎಂದಳು. "ಮುಖ ಬದಲಾಯಿಸ್ದೆ, ಕೈ ಬದಲಾಯಿಸೋಕೆ ಮರೆತೆಯಲ್ಲ. ನೋಡು, ಮುಷ್ಟಿ ಹೆಂಗೆ ಬಿಗಿದಿದ್ದೀನಿ."

ಹೌದು, ಮಡಿಲಲ್ಲಿ ಎರಡು ಮುಷ್ಟಿಗಳಿದ್ದವು. ಮುಖ ಬಿಟ್ಟು ಬೇರೇನನ್ನೂ ನೋಡಿ ವೆನೆತಾಳಿಗೆ ಅಭ್ಯಾಸವಿರಲಿಲ್ಲ.

"ಜಿವ್ಕಾ, ಅಮ್ಮ ಹೋದಾಗ ಫೋನ್ ಮಾಡ್ಬೇಡ ಅಂದಿದ್ದು ಅಪ್ಪ. ನಿಂಗೆ ತಾನೇ ಹೇಳ್ತೀನಿ ಅಂದಿದ್ದ. ದೇವರಾಣೆ."

ಜಿವ್ಕಾ ಅಕ್ಕನತ್ತ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಸಹ್ಯವಿತ್ತು.

"ಬದುಕಿರೋಳ ಬಾಯಿಗೆ ಇಲ್ಲದ ನಗು ಅಂಟಿಸ್ದೆ," ಎಂದಳು. "ಈಗ ಸತ್ತೋನ ಬಾಯಿಗೆ ಮಾತು ಅಂಟಿಸ್ತಿದ್ದೀಯ."

ಕೋಟು ತೊಟ್ಟು, ಬ್ಯಾಗು ಎತ್ತಿಕೊಂಡು ಹೊರಟಳು. ಬಾಗಿಲ ಮೇಲೆ ಅಪ್ಪ ಕಣ್ಣು ತೆರೆದು ನಗುತ್ತಿದ್ದ.