ಮೂರನೇ ಕಿಟ್ಟಿನ ಅಡ್ಡ ತಂತಿಗಳು

ನಮ್ಮ ಪಾಲಿಟೆಕ್ನಿಕ್ಕಿನ ಡಿಜಿಟಲ್ ಲ್ಯಾಬಿನಲ್ಲಿ ಹದಿನೆಂಟು ವರ್ಷ ಅಟೆಂಡರ್ ಆಗಿದ್ದ ಹೆಂಗಸಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಐಸಿ ಅಕ್ಕ. ಕಿಟಕಿಯಲ್ಲಿ ಚೀಟಿ ಕೊಟ್ಟವರಿಗೆ ಬೇಕಾದ ಐಸಿ, ಅಂದರೆ ಚಿಪ್, ತೆಗೆದುಕೊಡುವುದು, ವಾಪಸ್ ಬಂದ ಚಿಪ್‌ಗಳ ಬಗ್ಗಿದ ಕಾಲುಗಳನ್ನು ನೆಟ್ಟಗೆ ಮಾಡಿ ಡಬ್ಬಿಗೆ ಹಾಕುವುದು ಆಕೆಯ ಕೆಲಸ. ಅದೇ ಲ್ಯಾಬಿನ ಇನ್‌ಸ್ಟ್ರಕ್ಟರ್ ನಾನು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ, ಸುಳ್ಳೇನಲ್ಲ.

ನಾನು ಕಿರುಚಿಕೊಂಡು ಹೇಳಿಕೊಟ್ಟದ್ದನ್ನೆಲ್ಲ ಆಕೆ ಕಿಟಕಿಯಾಚೆ ಕೂತು ಕಲಿತಿದ್ದಳು. ಎದುರಿಗಿದ್ದ ಮೂವತ್ತು ಜನಕ್ಕೆ ಹತ್ತದ್ದು ಆಕೆಯ ತಲೆಗೆ ಹತ್ತಿತ್ತು! ಇನ್‌ಸ್ಟ್ರಕ್ಟರ್ ಹುದ್ದೆಗೆ ಒಳಗಿನವರೂ ಪರೀಕ್ಷೆ ಬರೆಯಬಹುದೆಂಬ ಸುತ್ತೋಲೆ ಬಂದಾಗ ಆಕೆಯ ಕೈಯಲ್ಲಿ ಅರ್ಜಿ ಬರೆಸಿದವನು ನಾನೇ. ವಯಸ್ಸು ಐವತ್ತು ದಾಟಿರಬಾರದು. ಆಕೆಗೆ ಐವತ್ತು ತುಂಬಲು ಒಂದು ತಿಂಗಳಿತ್ತು. ಈ ಸಲ ತಪ್ಪಿದರೆ ನಿವೃತ್ತಿಯವರೆಗೂ ಆ ಕಿಟಕಿಯೇ ಗತಿ.

ಪರೀಕ್ಷೆಯ ಹಿಂದಿನ ದಿನ ನಾನೊಂದು ಉಪಕಾರ ಮಾಡಿದೆ. ಸರ್ಕ್ಯೂಟ್ ಕಟ್ಟಿ ನೋಡುವ ನಮ್ಮ ಕಿಟ್‌ಗಳ ಪೈಕಿ ಮೂರನೆಯದರಲ್ಲಿ S1, S0 ಎಂಬ ಎರಡು ಸ್ವಿಚ್‌ಗಳು ಒಳಗೆ ಅದಲುಬದಲಾಗಿ ಬೆಸುಗೆಯಾಗಿದ್ದವು. ವರ್ಷಗಳಿಂದ ಹಾಗೇ ಇತ್ತು. ಲ್ಯಾಬಿನವರೆಲ್ಲ ಆ ಕಿಟ್ಟಿನಲ್ಲಿ ಎರಡು ತಂತಿಗಳನ್ನು ಅಡ್ಡ, ಒಂದರ ಜಾಗಕ್ಕೆ ಇನ್ನೊಂದು, ಹಾಕಿಯೇ ಕೆಲಸ ಮಾಡುತ್ತಿದ್ದೆವು. ಆಕೆಗೆ ಆ ಕಿಟ್ಟೇ ಬಂದರೆ ಗೊಂದಲ ಬೇಡವೆಂದು ಬಿಚ್ಚಿ ಸರಿಮಾಡಿ ಮನೆಗೆ ಹೋದೆ. ಒಂದು ಮಾತು ಹೇಳಬೇಕೆಂದು ಈ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಮರುದಿನ ಆಕೆಗೆ ಬಂದದ್ದು ಅದೇ ಕಿಟ್. ಪ್ರಶ್ನೆ: ಗೇಟ್‌ಗಳಿಂದ ಎರಡರಿಂದ ನಾಲ್ಕರ ಡಿಕೋಡರ್ ಕಟ್ಟಿ, ಅದರಿಂದ ನಾಲ್ಕಕ್ಕೊಂದರ ಮಲ್ಟಿಪ್ಲೆಕ್ಸರ್ ಮಾಡಿ. ಅಂದರೆ I0ಯಿಂದ I3ರವರೆಗಿನ ನಾಲ್ಕು ಇನ್‌ಪುಟ್‌ಗಳಲ್ಲಿ S1, S0 ಸ್ವಿಚ್‌ಗಳು ಆರಿಸಿದ ಒಂದು ಮಾತ್ರ ಹೊರಬರಬೇಕು. ಆಕೆ ಮೊದಲು ಸ್ವಿಚ್‌ಗಳು ಹೇಗಿದ್ದರೆ ಏನು ಬರಬೇಕೆಂಬ ಟ್ರೂತ್ ಟೇಬಲ್ ಬರೆದಳು. 00 ಇದ್ದರೆ I0, 01 ಇದ್ದರೆ I1, 10 ಇದ್ದರೆ I2, 11 ಇದ್ದರೆ I3 ಹೊರಗೆ ಬರಬೇಕು. S1, S0ಗಳ 0ಯನ್ನು 1, 1ನ್ನು 0 ಮಾಡಲು ಎರಡು ನಾಟ್ ಗೇಟ್. ಸಾಲಿಗೊಂದರಂತೆ ನಾಲ್ಕು ಆ್ಯಂಡ್ ಗೇಟ್, ಅದೇ ಡಿಕೋಡರ್. ಪ್ರತಿಯೊಂದರ ಉತ್ತರವನ್ನು ಅದರದರ ಇನ್‌ಪುಟ್ ಜತೆ ಸೇರಿಸಲು ಮತ್ತೆ ನಾಲ್ಕು ಆ್ಯಂಡ್. ನಾಲ್ಕನ್ನೂ ಒಂದು ಮಾಡಲು ಮೂರು ಆರ್ ಗೇಟ್. ಒಟ್ಟು ನಾಲ್ಕೇ ಚಿಪ್. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ನನಗೆ ಹೆಮ್ಮೆಯೋ ಹೆಮ್ಮೆ.

ಕೊನೆಗೆ ಆಕೆ ಸ್ವಿಚ್‌ಗಳಿಂದ ಎರಡು ತಂತಿ ಎಳೆದು, ಯೋಚಿಸದೆ, ಅಡ್ಡ ಹಾಕಿದಳು. ನಾನು ಸ್ಟೂಲಿನಿಂದ ಅರ್ಧ ಎದ್ದು ಮತ್ತೆ ಕೂತೆ. ಮಾತಾಡಿದರೆ ಆಕೆಯನ್ನೇ ಎಬ್ಬಿಸಿ ಕಳಿಸುತ್ತಿದ್ದರು.

ಪರೀಕ್ಷಕರ ಮುಂದೆಯೇ ಕರೆಂಟ್ ಕೊಡಬೇಕು, ಆಮೇಲೆ ತಂತಿ ಮುಟ್ಟುವಂತಿಲ್ಲ, ಇದು ನಿಯಮ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಂದೊಂದೇ ಇನ್‌ಪುಟ್ಟಿಗೆ 1 ಕೊಟ್ಟು ನೋಡಿದರು. I0ಗೆ 1 ಕೊಟ್ಟು ಸ್ವಿಚ್‌ಗಳನ್ನು 00ರಲ್ಲಿಟ್ಟರು, ಔಟ್‌ಪುಟ್ಟಿನ ದೀಪ ಉರಿಯಿತು. I1ಗೆ 1 ಕೊಟ್ಟು 01 ಇಟ್ಟರು. ಕತ್ತಲೆ. 10ಕ್ಕೆ ತಿರುಗಿಸಿದರೆ ಉರಿಯಿತು! I2ನದೂ ಹಾಗೇ ತಿರುಗುಮುರುಗು. 11 ಸರಿಯಾಗಿತ್ತು.

"ಏನಮ್ಮಾ ಇದು? ಅರ್ಧ ಸರಿ, ಅರ್ಧ ತಪ್ಪು," ಎಂದರು.

ಆಕೆ ತಂತಿಯತ್ತ ಹೋದ ಕೈಯನ್ನು ಹಿಂದಕ್ಕೆಳೆದು ತನ್ನ ಹಾಳೆ ನೋಡಿದಳು.

"ಗೇಟ್ ಒಂದೂ ಕೆಟ್ಟಿಲ್ಲ ಸಾರ್. ಕೆಟ್ಟಿದ್ರೆ ಒಂದು ಸಾಲು ಪೂರ್ತಿ ಸತ್ತೋಗ್ಬೇಕಿತ್ತು. ಇಲ್ಲಿ ನಾಲ್ಕೂ ಬರ್ತಿವೆ, ನಡುವಿನ ಎರಡು ಜಾಗ ಬದಲಾಯಿಸ್ಕೊಂಡಿವೆ. 00, 11ನ ಹಿಂದುಮುಂದು ಮಾಡಿದ್ರೂ ಹಾಗೇ ಇರುತ್ತೆ. 01 ಮಾತ್ರ 10 ಆಗುತ್ತೆ. ಸ್ವಿಚ್‌ನಿಂದ ಬರೋ ಸೆಲೆಕ್ಟ್ ತಂತಿ ಎರಡೂ ಅಡ್ಡ ಆಗಿವೆ."

"ಗೊತ್ತಿದ್ದವರು ಅಡ್ಡ ಯಾಕೆ ಹಾಕಿದ್ರಿ?"

ಆಕೆ ತಟ್ಟನೆ ತಿರುಗಿ ನನ್ನನ್ನು ನೋಡಿದಳು. ಆಕೆಗೆ ಎಲ್ಲ ಅರ್ಥವಾಗಿತ್ತು.

"ನನ್ನದೇ ತಪ್ಪು ಸಾರ್. ಸ್ವಿಚ್ ಪರೀಕ್ಷೆ ಮಾಡದೆ ಕೈ ರೂಢಿ ನಂಬಿಬಿಟ್ಟೆ."

ನನಗೆ ತಡೆಯಲಾಗಲಿಲ್ಲ. "ಅವಳದ್ದಲ್ಲ, ನಂದು!" ಎಂದು ಎದ್ದು ನಿಂತೆ. ನಿನ್ನೆಯ ಕತೆಯನ್ನೆಲ್ಲ ಉಸಿರು ಬಿಡದೆ ಹೇಳಿದೆ. ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ನಿಮಗೆ ಇವತ್ತು ಪರೀಕ್ಷೆ ಇಲ್ಲ, ಕೂತ್ಕೊಳ್ಳಿ. ತಂತಿಗೆ ಕಳೆಯೋ ಮಾರ್ಕ್ಸ್ ಕಳೀತೀನಿ, ಅದು ನಿಯಮ. ಆದರೆ ದೋಷ ಹುಡುಕೋದಕ್ಕೂ ಮಾರ್ಕ್ಸ್ ಇದೆ. ಮುಟ್ಟದೆ, ಬರೀ ಟೇಬಲ್ ನೋಡಿ ಹುಡುಕಿದವರನ್ನ ನಾನು ನೋಡಿರಲಿಲ್ಲ. ಅದು ಪೂರ್ತಿ ಕೊಟ್ಟಿದ್ದೀನಿ. ಪಾಸು."

ಆಕೆ ಕೈಮುಗಿದು ಹೊರಗೆ ಬಂದಳು. ನಾನು ಅಪರಾಧಿಯಂತೆ ಹಿಂದೆ ಹೋದೆ. ಕಾರಿಡಾರಿನಲ್ಲಿ ಗರ್ರನೆ ತಿರುಗಿದಳು. ಹದಿನೆಂಟು ವರ್ಷದಲ್ಲಿ ನನ್ನೆದುರು ದನಿಯೆತ್ತಿದವಳಲ್ಲ.

"ನಿಮಗೆ ಒಂದು ಮಾತು ಹೇಳೋಕೆ ಏನ್ ಸಾರ್ ಕಷ್ಟ? ಎಲ್ಲಾ ನೀವೇ ಸರಿಮಾಡ್ಬೇಕಾ? ನನಗೂ ತಲೆ ಇದೆ!"

"ಇದೆಯಮ್ಮಾ," ಎಂದೆ. "ಇವತ್ತು ನೋಡಿದೆ. ತಪ್ಪಾಯ್ತು."

ಅಷ್ಟು ಹೇಳಿದ್ದೇ ತಡ, ಆಕೆ ಗೋಡೆಗೆ ಒರಗಿ ಗಳಗಳನೆ ಅತ್ತುಬಿಟ್ಟಳು.