ಓರೆಗೆ ಕತ್ತರಿಸಿದ ಪಟ್ಟಿ

ಬೇಲೂರಿನ ಹೆಂಗಸರು ಬಸಮ್ಮನ ಟೈಲರಿಂಗ್ ಅಂಗಡಿಗೆ ಹೋಗುತ್ತಿದ್ದುದು ರವಿಕೆಯ ಕುತ್ತಿಗೆಯ ಸಲುವಾಗಿ. ತೋಳು, ಸೊಂಟ ಯಾರು ಬೇಕಾದರೂ ಹೊಲಿದಾರು. ದುಂಡನೆಯ ಕುತ್ತಿಗೆಯ ಅಂಚಿಗೆ ಬಟ್ಟೆಯ ಪಟ್ಟಿ ಕೊಟ್ಟು, ಒಂದೂ ಸುಕ್ಕಿಲ್ಲದೆ ಮೈಗೆ ಕೂರುವಂತೆ ಮಾಡುವುದು ಬಸಮ್ಮನ ಕೈಗೇ ಸರಿ ಎಂದು ಊರೇ ಒಪ್ಪಿಕೊಂಡಿತ್ತು. ಆ ಅಂಗಡಿಯ ಮೂಲೆಯಲ್ಲಿ ಕೂತು ಹುಕ್ಕು ಹಾಕುತ್ತ, ಅಂಚು ಮಡಿಚುತ್ತ ತನ್ನ ಹರೆಯವನ್ನೆಲ್ಲ ಕಳೆದವಳು ಲತಾಮಣಿ. ಹಗರೆ ಊರಿನವಳು. ಬಸಮ್ಮ ಅವಳ ದೊಡ್ಡಮ್ಮನ ಮಗಳು. ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಅತ್ತುಕೊಂಡು ಕೂತಿದ್ದ ಹುಡುಗಿಯನ್ನು ಕರೆತಂದು ಕಾಲುಮಿಷನ್ ಮುಂದೆ ಕೂರಿಸಿದ್ದಳು. ಲತಾಮಣಿಗೆ ಅಕ್ಕನೆಂದರೆ ದೇವರು.

ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಕತ್ತರಿ ಅಕ್ಕನದು, ಹೊಲಿಗೆ ತಂಗಿಯದು. ಗಿರಾಕಿಯ ಬಟ್ಟೆ ಕೆಟ್ಟರೆ ಹೆಸರು ಕೆಡುತ್ತದಲ್ಲ, ಅದಕ್ಕೇ ಎಂದು ಬಸಮ್ಮ ಹೇಳುತ್ತಿದ್ದಳು. ಕುತ್ತಿಗೆಯ ಪಟ್ಟಿಗಳನ್ನಂತೂ ಅವಳು ಮನೆಯಲ್ಲೇ ಕತ್ತರಿಸಿ, ರಟ್ಟಿಗೆ ಸುತ್ತಿ ತಂದು, ತಾನೇ ಹಾಕುತ್ತಿದ್ದಳು. ಲತಾಮಣಿ ಒಮ್ಮೊಮ್ಮೆ ಆಸೆಪಟ್ಟು ಕೇಳಿದರೆ, ಒಂದು ಪಟ್ಟಿ ಕೊಟ್ಟು ನೀನೇ ಹಾಕು ಎನ್ನುತ್ತಿದ್ದಳು. ಲತಾಮಣಿ ಉಸಿರು ಬಿಗಿಹಿಡಿದು ಹಾಕುತ್ತಿದ್ದಳು. ಮಡಿಚಿದ ಕೂಡಲೇ ಕುತ್ತಿಗೆಯ ಸುತ್ತ ನೆರಿಗೆ ಎದ್ದು, ಬಾಗಿದ ಕಡೆಯೆಲ್ಲ ಸೊಟ್ಟಗೆ ನಿಲ್ಲುತ್ತಿತ್ತು. ಬಸಮ್ಮ ಒಂದು ಮಾತೂ ಬಯ್ಯುತ್ತಿರಲಿಲ್ಲ. ರವಿಕೆಯನ್ನು ಮನೆಗೊಯ್ದು, ಮಾರನೆಯ ದಿನ ಸರಿಮಾಡಿ ತಂದು, ಕೈಗುಣ ಎಲ್ಲರಿಗೂ ಬರಲ್ಲ ಕಣೇ, ಬೇಜಾರು ಮಾಡ್ಕೋಬೇಡ ಎಂದು ತಲೆ ಸವರುತ್ತಿದ್ದಳು. ಆ ಪ್ರೀತಿಗೆ ಲತಾಮಣಿ ಕರಗಿಹೋಗುತ್ತಿದ್ದಳು.

ಹಗರೆಯ ಮಹಿಳಾ ಸಂಘದವರು ಒಂದು ಸಲ ಮಿಷನ್ ಕೊಡಿಸುತ್ತೇವೆ, ಊರಲ್ಲೇ ಅಂಗಡಿ ಇಡು ಎಂದು ಕರೆದಿದ್ದರು. ಕುತ್ತಿಗೆ ಕೂರಿಸಲು ಬಾರದವಳು ಎಂಥ ಟೈಲರ್ ಎಂದು ಲತಾಮಣಿಯೇ ಬೇಡವೆಂದಳು. ಅವ್ವ ಅತ್ತಿದ್ದಳು. ಮಿಷನ್ ಬೇರೆಯವರ ಪಾಲಾಯಿತು.

ಹೀಗಿರುವಾಗ ಬಸಮ್ಮ ನೆಂಟರ ಮನೆಯ ಸೀಮಂತಕ್ಕೆಂದು ಅರಸೀಕೆರೆಗೆ ಹೋದಳು. ಅದೇ ದಿನ ತಾಲ್ಲೂಕು ಕಚೇರಿಯ ಸುಷ್ಮಿತಾ ಬಂದು, ಸಂಜೆಯೇ ಮದುವೆಗೆ ಹೊರಡಬೇಕು, ಹೊಲಿಯಲು ಕೊಟ್ಟ ರವಿಕೆ ಬೇಕೇ ಬೇಕು ಎಂದು ಪಟ್ಟುಹಿಡಿದಳು. ರವಿಕೆಯೆಲ್ಲ ಮುಗಿದಿತ್ತು, ಕುತ್ತಿಗೆಯೊಂದು ಬಾಕಿ. ಪಟ್ಟಿಯಿರಲಿಲ್ಲ, ಉಳಿದ ಬಟ್ಟೆಯಿತ್ತು. ಲತಾಮಣಿ, ಅಕ್ಕ ಕೊಡುತ್ತಿದ್ದ ಹಾಗೆಯೇ, ಅಂಚಿನುದ್ದಕ್ಕೂ ಒಂದು ಪಟ್ಟಿ ನೇರಕ್ಕೆ ಕತ್ತರಿಸಿ ಹೊಲಿದಳು. ಅದೇ ನೆರಿಗೆ, ಅದೇ ಸೊಟ್ಟ. ಬಿಚ್ಚಿಹಾಕಿದಳು. ಅಕ್ಕನ ಕೈ ಏನು ಮಾಡುತ್ತದೆಂದು ನೋಡಿಯೇಬಿಡೋಣ ಎಂದು, ಹುಕ್ಕು ಕಿತ್ತಿದೆಯೆಂದು ಅಂಗಡಿಗೆ ತಂದಿದ್ದ, ಯುಗಾದಿಗೆ ಅಕ್ಕ ತನಗೆ ಹೊಲಿದುಕೊಟ್ಟಿದ್ದ ರವಿಕೆಯ ಕುತ್ತಿಗೆಯನ್ನೇ ಬ್ಲೇಡಿನಿಂದ ಬಿಡಿಸಿದಳು.

ಕೈಗೆ ಬಂದ ಪಟ್ಟಿಯನ್ನು ಸುಮ್ಮನೆ ಎಳೆದಳು. ಅದು ರಬ್ಬರಿನ ಹಾಗೆ ಹಿಗ್ಗಿತು. ತಾನು ಕತ್ತರಿಸಿದ್ದನ್ನು ಎಳೆದಳು. ಅದು ಜಗ್ಗಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ಅಕ್ಕನ ಪಟ್ಟಿಯಲ್ಲಿ ನೂಲಿನ ಎಳೆಗಳು ಓರೆಯಾಗಿ ಓಡಿದ್ದವು, ತನ್ನದರಲ್ಲಿ ನೇರವಾಗಿ. ಅಕ್ಕ ತುಂಡುಗಳನ್ನು ಕೂಡಿಸಿದ ಜಾಗಗಳೂ ಓರೆಯಾಗಿದ್ದವು.

ಲತಾಮಣಿ ಉಳಿದ ಬಟ್ಟೆಯನ್ನು ಮೂಲೆಯಿಂದ ಮಡಿಚಿದಳು, ಉದ್ದದ ಅಂಚು ಅಡ್ಡದ ಅಂಚಿಗೆ ಸರಿಯಾಗಿ ಕೂರುವಂತೆ. ಆ ಮಡಿಕೆಯ ಗುಂಟ ಗೆರೆ ಹಾಕಿ, ಅದಕ್ಕೆ ಸಮನಾಗಿ ಒಂದೂಕಾಲು ಇಂಚಿನ ಪಟ್ಟಿಗಳನ್ನು ಕತ್ತರಿಸಿ, ತುದಿಗಳನ್ನು ಓರೆಗೇ ಕೂಡಿಸಿದಳು. ಕುತ್ತಿಗೆಯ ಒಳಬಾಗಿನಲ್ಲಿ ಪಟ್ಟಿಯನ್ನು ಮಾತ್ರ ಕೊಂಚ ಎಳೆದು ಹಿಡಿದು, ರವಿಕೆಯನ್ನು ಎಳೆಯದೆ, ಅಂಚಿನಿಂದ ಕಾಲಿಂಚು ಒಳಗೆ ಹೊಲಿಗೆ ಓಡಿಸಿದಳು. ಹೊಲಿಗೆಗೆ ತಾಗದಂತೆ ಅಂಚಿಗೆ ಅಲ್ಲಲ್ಲಿ ಕತ್ತರಿ ಕೊಟ್ಟು, ಪಟ್ಟಿಯನ್ನು ಒಳಕ್ಕೆ ಮಡಿಚಿ, ಸಣ್ಣ ಸಣ್ಣದಾಗಿ ಕೈಹೊಲಿಗೆ ಹಾಕಿದಳು. ಬೆರಳಾಡಿಸಿದರೆ ಎಲ್ಲೂ ತಡೆಯಲಿಲ್ಲ. ಸುಷ್ಮಿತಾ ಹಾಕಿಕೊಂಡು ಕನ್ನಡಿ ನೋಡಿ, ಬಸಮ್ಮನೋರ ಕೈ ಅಂದ್ರೆ ಕೈ ಎಂದು ಹೊರಟುಹೋದಳು.

ಮೊದಲು ಲತಾಮಣಿಗೆ ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ಅರ್ಥವಾಯಿತು. ಅವಳ ಕೈಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಕ್ಕ ಬೇಕೆಂದೇ ಅವಳಿಗೆ ನೇರ ಪಟ್ಟಿ ಕೊಟ್ಟು, ಕೆಡಲು ಬಿಟ್ಟು, ಆಮೇಲೆ ತಲೆ ಸವರಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಸವರಿಕೆಯನ್ನು ನೆನೆದರೇ ಮೈ ಉರಿಯಿತು.

ಮಾರನೆಯ ಬೆಳಿಗ್ಗೆ ಬಸಮ್ಮ ಬರುತ್ತಲೇ ಲತಾಮಣಿ ಎರಡೂ ಪಟ್ಟಿಗಳನ್ನು ಮಿಷನ್ ಮೇಲೆ ಪಕ್ಕಪಕ್ಕ ಇಟ್ಟಳು. ಬಸಮ್ಮ ನೋಡಿದಳು. ಸ್ಟೂಲು ಎಳೆದುಕೊಂಡು ಕೂತಳು.

"ನಿಂಗೆ ನೆಕ್ ಕೂರ್ಸಕ್ಕೆ ಬಂದಿದ್ರೆ ನೀನು ನನ್ ತಾವ ಇರ್ತಿದ್ಯೇನೇ? ಊರಿಗೋಗಿ ನಿನ್ ಅಂಗಡಿ ನೀನ್ ಇಟ್ಕೊಂಬುಡ್ತಿದ್ದೆ. ನಂಗ್ಯಾರವ್ರೆ ಹೇಳು."

ಲತಾಮಣಿ ಬುತ್ತಿಡಬ್ಬಿ ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ತಿರುಗಿದಳು.

"ನೆಕ್ ಕೂರ್ಸಕ್ಕೆ ಬಂದಿದ್ರೂ ಇರ್ತಿದ್ದೆ ಅಕ್ಕ," ಎಂದಳು. "ಸಂಘದೋರು ಕರೆದಾಗ್ಲೂ ಬರಲ್ಲ ಅನ್ನಕ್ಕೆ ನಂಗೆ ನೀನೊಬ್ಳೇ ಸಾಕಾಗ್ತಿದ್ದೆ."

ಅಷ್ಟು ಹೇಳಿ ಹಗರೆಯ ಬಸ್ಸಿಗೆ ನಡೆದಳು.